ಬೆಂಗಳೂರಿನಿಂದ ಜರ್ಮನಿಗೆ ಬೆಕ್ಕಿನ ಪಯಣ

ಬೆಂಗಳೂರಿನಿಂದ ಜರ್ಮನಿಗೆ ಮನೆ ಬದಲಿಸುವ ಕುಟುಂಬದ ವೀಸಾ ಕೆಲವೇ ವಾರಗಳಲ್ಲಿ ಕೈಸೇರಬಹುದು. ಅದೇ ಮನೆಯ ಬೆಕ್ಕು ಹೊರಡಲು ಕನಿಷ್ಠ ನಾಲ್ಕು ತಿಂಗಳು ಬೇಕು. ಕಾರಣ ರೇಬೀಸ್. ಈ ರೋಗದ ವಿಷಯದಲ್ಲಿ ಐರೋಪ್ಯ ಒಕ್ಕೂಟ ರಿಯಾಯಿತಿ ಕೊಟ್ಟಿರುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಹಾಗಾಗಿ ಇಲ್ಲಿಂದ ಹೋಗುವ ಬೆಕ್ಕಿಗೆ ಲಸಿಕೆ ಹಾಕಿಸಿದರಷ್ಟೇ ಸಾಲದು, ಲಸಿಕೆ ಕೆಲಸ ಮಾಡಿದೆ ಎಂಬುದನ್ನು ರಕ್ತಪರೀಕ್ಷೆಯಿಂದ ತೋರಿಸಬೇಕು.

ಇಡೀ ಕೆಲಸದಲ್ಲಿ ಹೆಚ್ಚು ಎಡವುವುದು ಕ್ರಮದಲ್ಲಿ. ಮೊದಲು ಅಂತರರಾಷ್ಟ್ರೀಯ ಮಾನದಂಡದ, 15 ಅಂಕಿಗಳ ಮೈಕ್ರೋಚಿಪ್ಪನ್ನು ಬೆಕ್ಕಿನ ಚರ್ಮದಡಿ ಸೇರಿಸಬೇಕು. ರೇಬೀಸ್ ಲಸಿಕೆ ಅದರ ನಂತರ. ಚಿಪ್ ಹಾಕುವ ಮೊದಲೇ ಕೊಡಿಸಿದ ಲಸಿಕೆ, ಪುಸ್ತಕದಲ್ಲಿ ಎಷ್ಟೇ ಅಚ್ಚುಕಟ್ಟಾಗಿ ಬರೆದಿದ್ದರೂ, ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಮತ್ತೆ ಹಾಕಿಸಬೇಕು. ಒಂದೇ ದಿನ ಎರಡನ್ನೂ ಮಾಡಿಸಬಹುದು, ಚಿಪ್ ಮುಂದಿರಬೇಕು ಅಷ್ಟೆ. ಲಸಿಕೆ ಹಾಕಿಸುವಾಗ ಮರಿಗೆ ಕನಿಷ್ಠ 12 ವಾರ ತುಂಬಿರಬೇಕು.

ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತ ತೆಗೆಸಿ, ಒಕ್ಕೂಟ ಮಾನ್ಯ ಮಾಡಿರುವ ಪ್ರಯೋಗಾಲಯಕ್ಕೆ ಕಳಿಸಬೇಕು. ಪ್ರತಿಕಾಯದ ಪ್ರಮಾಣ ಮಿಲಿಲೀಟರಿಗೆ 0.5 ಐಯು ಅಥವಾ ಹೆಚ್ಚು ಇದ್ದರೆ ಬೆಕ್ಕು ಪಾಸಾದಂತೆ. ಆಮೇಲೂ ಮೂರು ತಿಂಗಳು ಕಾಯಬೇಕು. ಈ ಎಣಿಕೆ ಶುರುವಾಗುವುದು ವರದಿ ಬಂದ ದಿನದಿಂದಲ್ಲ, ರಕ್ತ ತೆಗೆದ ದಿನದಿಂದ. ಜನವರಿ 2ರಂದು ಚಿಪ್ ಮತ್ತು ಲಸಿಕೆ, ಫೆಬ್ರವರಿ 5ರಂದು ರಕ್ತ ಎಂದಾದರೆ ಬೆಕ್ಕು ಜರ್ಮನಿಗೆ ಕಾಲಿಡಬಹುದಾದದ್ದು ಮೇ 5ರ ನಂತರ. ಪ್ರಮಾಣ ಕಡಿಮೆ ಬಂದರೆ ಮತ್ತೆ ಲಸಿಕೆ, ಮತ್ತೆ ರಕ್ತ, ಮತ್ತೆ ಮೂರು ತಿಂಗಳು. ಕೆಲಸದ ಕರೆ ಬರುವ ಸೂಚನೆ ಸಿಕ್ಕಾಗಲೇ ಚಿಪ್ ಹಾಕಿಸುವುದು ಜಾಣತನ; ಪಯಣ ರದ್ದಾದರೂ ಅದರಿಂದ ನಷ್ಟವಿಲ್ಲ.

ಕೊನೆಯ ಕಾಗದ ಆರೋಗ್ಯ ಪ್ರಮಾಣಪತ್ರ. ಇದಕ್ಕೆ ಸರ್ಕಾರಿ ಪಶುವೈದ್ಯಾಧಿಕಾರಿಯ ಸಹಿ, ಮುದ್ರೆ ಬೇಕು. ಪ್ರಾಣಿಗಳ ರಫ್ತಿಗೆ ಸಂಬಂಧಿಸಿದ ಈ ಕೆಲಸ ಕೇಂದ್ರ ಸರ್ಕಾರದ ಎಕ್ಯೂಸಿಎಸ್‌ನದು. ಅದರ ಕಚೇರಿ ಬೆಂಗಳೂರಿನಲ್ಲೂ ಇದೆ. ಪತ್ರ ಕೊಟ್ಟ 10 ದಿನಗಳೊಳಗೆ ಬೆಕ್ಕು ಒಕ್ಕೂಟದ ಗಡಿ ತಲುಪಬೇಕಾದ್ದರಿಂದ ಬೇಗ ಮಾಡಿಸಿಡಲೂ ಆಗದು. ಗಂಡ ಮೊದಲು ಹೋಗಿ, ಹೆಂಡತಿ ಮಕ್ಕಳು ಎರಡು ತಿಂಗಳ ಮೇಲೆ ಹೊರಡುವುದು ನಮ್ಮಲ್ಲಿ ಸಾಮಾನ್ಯ. ಮಾಲೀಕರು ಮತ್ತು ಬೆಕ್ಕಿನ ಪ್ರಯಾಣದ ನಡುವೆ ಐದು ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಅದು ವ್ಯಾಪಾರದ ಸಾಗಣೆಯ ನಿಯಮಕ್ಕೆ ಒಳಪಡುತ್ತದೆ. ಆದ್ದರಿಂದ ಬೆಕ್ಕಿನ ಜೊತೆ ಹೋಗುವವರ ಹೆಸರಲ್ಲೇ ಕಾಗದಗಳಿರುವುದು ಒಳ್ಳೆಯದು.

ವಿಮಾನದಲ್ಲಿ ಬೆಕ್ಕಿಗೆ ಎಲ್ಲಿ ಜಾಗ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬದಲು. ಯುರೋಪಿನ ಕೆಲವು ಸಂಸ್ಥೆಗಳು ಚೀಲವೂ ಸೇರಿ 8 ಕಿಲೋ ಮೀರದ ಬೆಕ್ಕನ್ನು ಮುಂದಿನ ಸೀಟಿನಡಿ ಇಡಲು ಬಿಡುತ್ತವೆ. ಕೊಲ್ಲಿಯ ಕೆಲವು ಸಂಸ್ಥೆಗಳಲ್ಲಿ ಬೆಕ್ಕು ಹೋಗುವುದು ಸರಕಿನ ಭಾಗದಲ್ಲೇ. ಒಂದು ವಿಮಾನಕ್ಕೆ ಇಂತಿಷ್ಟೇ ಪ್ರಾಣಿಗಳೆಂಬ ಮಿತಿ ಇರುವುದರಿಂದ ಬೆಕ್ಕಿನ ಜಾಗ ಖಚಿತವಾದ ಮೇಲೆ ಮನೆಯವರ ಟಿಕೆಟ್ ಕೊಳ್ಳಬೇಕು. ಸರಕಿನ ಪಂಜರ ಗಟ್ಟಿಯಾಗಿದ್ದು, ಬೆಕ್ಕು ಅದರೊಳಗೆ ನೆಟ್ಟಗೆ ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗವಿರಬೇಕು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಪರ್ಷಿಯನ್ ತಳಿಗೆ ಚಪ್ಪಟೆ ಮೂಗಿನಿಂದ ಉಸಿರಾಟ ಕಷ್ಟವಾಗುವ ಕಾರಣ ಹಲವು ಸಂಸ್ಥೆಗಳು ಅದನ್ನು ಸರಕಿನಲ್ಲಿ ಒಯ್ಯುವುದೇ ಇಲ್ಲ.

ಕ್ಯಾರಿಯರನ್ನು ಎರಡು ತಿಂಗಳ ಮೊದಲೇ ಬಾಗಿಲು ತೆರೆದು ಹಾಲಿನಲ್ಲಿಟ್ಟು, ಒಳಗೇ ಊಟ ಹಾಕಿದರೆ ಬೆಕ್ಕು ಅದನ್ನು ತನ್ನ ಜಾಗವೆಂದುಕೊಳ್ಳುತ್ತದೆ. ನಿದ್ದೆ ಬರಿಸುವ ಔಷಧಿ ರಕ್ತದೊತ್ತಡವನ್ನೂ ಮೈಯ ಶಾಖದ ಹತೋಟಿಯನ್ನೂ ಕೆಡಿಸಬಲ್ಲದು. ಮಂಪರಿನಲ್ಲಿರುವ ಪ್ರಾಣಿಯನ್ನು ಸಂಸ್ಥೆಗಳು ಹತ್ತಿಸಿಕೊಳ್ಳದಿರಬಹುದು. ಆತಂಕ ತಗ್ಗಿಸುವ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟರೆ ಮನೆಯಲ್ಲಿ ಒಮ್ಮೆ ಕೊಟ್ಟು ನೋಡಿರಬೇಕು. ಕ್ಯಾಬಿನ್‌ಗೆ ಹೋಗುವ ಬೆಕ್ಕನ್ನು ಭದ್ರತಾ ತಪಾಸಣೆಯಲ್ಲಿ ಹೊರತೆಗೆಯಬೇಕಾಗುತ್ತದೆ: ಖಾಲಿ ಚೀಲ ಎಕ್ಸ್‌ರೇ ಯಂತ್ರದೊಳಗೆ, ಬೆಕ್ಕು ಮಾಲೀಕರ ತೋಳಿನಲ್ಲಿ. ಟ್ರೇಗಳ ಸದ್ದಿಗೆ ಬೆಚ್ಚಿ ಜಿಗಿದರೆ ವಿಮಾನ ನಿಲ್ದಾಣದಲ್ಲಿ ಹುಡುಕುವುದು ಅಸಾಧ್ಯ. ಸರಿಯಾಗಿ ಕೂರುವ ಹಾರ್ನೆಸ್ಸನ್ನು ಮನೆಯಲ್ಲೇ ತೊಡಿಸಿ ರೂಢಿ ಮಾಡಿಸಬೇಕು.

ಹೊಸ ಮನೆಯಲ್ಲಿ ಬೆಕ್ಕು ಮೊದಲ ದಿನ ಮಂಚದಡಿ ಅಡಗಿದರೆ ಗಾಬರಿ ಬೇಡ. ಒಂದೇ ಕೋಣೆಯಲ್ಲಿ ಹಳೆಯ ಹಾಸು, ಪರಿಚಿತ ಊಟ, ಮರಳಿನ ಟ್ರೇ ಇಟ್ಟುಬಿಟ್ಟರೆ ಸಾಕು. ಆದರೆ ಎರಡು ದಿನ ಏನನ್ನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬುವ ಅಪಾಯವಿದೆ. ಗಂಡು ಬೆಕ್ಕು ಟ್ರೇಯಲ್ಲಿ ಪದೇ ಪದೇ ಕುಳಿತು ತಿಣುಕಿದರೂ ಮೂತ್ರ ಬರದಿದ್ದರೆ ಮೂತ್ರನಾಳ ಕಟ್ಟಿರಬಹುದು. ಬೆಳಗಾಗುವವರೆಗೂ ಕಾಯದೆ ಪಶುವೈದ್ಯರ ಬಳಿ ಒಯ್ಯಬೇಕು.