ಟೋಕನ್ ಲೆಕ್ಕ: ಓದುವುದು ಅಗ್ಗ, ಬರೆಯುವುದು ದುಬಾರಿ

ಭಾಷಾ ಮಾದರಿಗಳನ್ನು ತಯಾರಿಸುವ ಕಂಪನಿಗಳು ಅವುಗಳ ಸೇವೆಯನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ಮಾರುತ್ತವೆ. ಪರದೆಯ ಮುಂದೆ ಕುಳಿತು ಪ್ರಶ್ನೆ ಕೇಳುವವರಿಗೆ ತಿಂಗಳ ಚಂದಾ ಇದೆ. ಮಾದರಿಯನ್ನು ತಮ್ಮ ಆ್ಯಪ್‌ ಅಥವಾ ಜಾಲತಾಣದೊಳಗೆ ಜೋಡಿಸಿಕೊಳ್ಳುವವರಿಗೆ ಎಪಿಐ ಇದೆ. ಒಂದು ತಂತ್ರಾಂಶ ಇನ್ನೊಂದಕ್ಕೆ ನೇರವಾಗಿ ಕೆಲಸ ಹೇಳಿ ಮಾಡಿಸಿಕೊಳ್ಳುವ ದಾರಿಗೆ ಎಪಿಐ ಎಂದು ಹೆಸರು. ಇಲ್ಲಿ ವಿದ್ಯುತ್ ಮೀಟರಿನಂತೆ ಬಳಸಿದಷ್ಟಕ್ಕೆ ಬಿಲ್ಲು ಬರುತ್ತದೆ, ಅದರ ಯೂನಿಟ್ಟೇ ಟೋಕನ್.

ಮಾದರಿಯು ಪಠ್ಯವನ್ನು ಅಕ್ಷರ ಅಕ್ಷರವಾಗಿಯೂ ಓದುವುದಿಲ್ಲ, ಪದ ಪದವಾಗಿಯೂ ಓದುವುದಿಲ್ಲ. ತರಬೇತಿಗೆ ಮೊದಲೇ ಅಪಾರ ಪಠ್ಯವನ್ನು ಜಾಲಾಡಿ, ಮತ್ತೆ ಮತ್ತೆ ಬರುವ ತುಣುಕುಗಳ ಪಟ್ಟಿಯೊಂದನ್ನು ಸಿದ್ಧಪಡಿಸಲಾಗಿರುತ್ತದೆ. ಆ ತುಣುಕುಗಳೇ ಟೋಕನ್‌ಗಳು. ಇಂಗ್ಲಿಷಿನ ಸಾಮಾನ್ಯ ಪದಗಳಲ್ಲಿ ಹೆಚ್ಚಿನವು ಒಂದೊಂದೇ ಟೋಕನ್ ಆಗಿಬಿಡುತ್ತವೆ. ಕನ್ನಡಕ್ಕೆ ಆ ಅನುಕೂಲ ಇಲ್ಲ. ಕಂಪ್ಯೂಟರ್ ಕನ್ನಡದ ಪ್ರತಿ ಸಂಕೇತವನ್ನೂ ಮೂರು ಬೈಟ್‌ಗಳಲ್ಲಿ ಇಡುತ್ತದೆ. ‘ಕರ್ನಾಟಕ’ ಎಂಬ ಪದದಲ್ಲಿ ವ್ಯಂಜನಗಳು, ದೀರ್ಘದ ಗುರುತು ಮತ್ತು ಒತ್ತಕ್ಷರವನ್ನು ಬೆಸೆಯುವ ಹಲಂತ ಸೇರಿ ಏಳು ಸಂಕೇತಗಳಿವೆ, ಅಂದರೆ 21 ಬೈಟ್. ಟೋಕನ್ ಪಟ್ಟಿಯಲ್ಲಿ ಕನ್ನಡದ ತುಣುಕುಗಳು ಕಡಿಮೆ ಇದ್ದಷ್ಟೂ ಪದ ಹೆಚ್ಚು ಚೂರಾಗುತ್ತದೆ. ಹೊಸ ಮಾದರಿಗಳ ಪಟ್ಟಿಗಳು ದೊಡ್ಡದಾಗಿರುವುದರಿಂದ ಪರಿಸ್ಥಿತಿ ಸುಧಾರಿಸಿದೆ. ಆದರೂ ಒಂದೇ ವಿಷಯವನ್ನು ಇಂಗ್ಲಿಷಿಗಿಂತ ಕನ್ನಡದಲ್ಲಿ ಹೇಳಲು ಸಾಮಾನ್ಯವಾಗಿ ಹೆಚ್ಚು ಟೋಕನ್ ಬೇಕು, ಆದ್ದರಿಂದ ಹೆಚ್ಚು ಹಣವೂ ಬೇಕು. ಕನ್ನಡದಲ್ಲಿ ಸೇವೆ ಕೊಡಬೇಕೆನ್ನುವವರು ಬಜೆಟ್ ಹಾಕುವ ಮುನ್ನ ತಮ್ಮದೇ ಪಠ್ಯದ ಮಾದರಿಯೊಂದನ್ನು ಎಣಿಸಿ ನೋಡಲೇಬೇಕು. ಇಂಗ್ಲಿಷಿನ ಅಂದಾಜನ್ನು ನಂಬಿ ಹೊರಟರೆ ಲೆಕ್ಕ ತಪ್ಪುತ್ತದೆ.

ಬೆಲೆಯನ್ನು 10 ಲಕ್ಷ ಟೋಕನ್‌ಗಳಿಗೆ ಇಷ್ಟು ಡಾಲರ್ ಎಂದು ಸೂಚಿಸುವುದು ರೂಢಿ. ಒಳಹೋಗುವ ಪಠ್ಯಕ್ಕೆ ಒಂದು ದರ, ಮಾದರಿ ಬರೆದುಕೊಡುವ ಉತ್ತರಕ್ಕೆ ಇನ್ನೊಂದು ದರ. 2024ರ ಜೂನ್‌ನಲ್ಲಿ ಆಂಥ್ರೊಪಿಕ್ ಕಂಪನಿ ಬಿಡುಗಡೆ ಮಾಡಿದ ಕ್ಲಾಡ್ 3.5 ಸಾನೆಟ್ ಮಾದರಿಗೆ ಒಳಬರುವ 10 ಲಕ್ಷ ಟೋಕನ್‌ಗೆ 3 ಡಾಲರ್, ಹೊರಬರುವ 10 ಲಕ್ಷಕ್ಕೆ 15 ಡಾಲರ್ ದರವಿತ್ತು. ಅದೇ ವರ್ಷ ಓಪನ್‌ಎಐನ ಜಿಪಿಟಿ-4ಒ ಮಾದರಿಯ ದರ 2.50 ಮತ್ತು 10 ಡಾಲರಿಗೆ ಇಳಿಯಿತು. ಕಂಪನಿ ಬೇರೆಯಾದರೂ ಉತ್ತರದ ಟೋಕನ್ ನಾಲ್ಕೈದು ಪಟ್ಟು ದುಬಾರಿಯಾಗಿತ್ತು. ಇದಕ್ಕೆ ಕಾರಣ ಮಾದರಿ ಕೆಲಸ ಮಾಡುವ ಕ್ರಮದಲ್ಲೇ ಇದೆ.

ಪ್ರಶ್ನೆ ಬಂದಾಗ ಅದರ ಪಠ್ಯವೆಲ್ಲ ಮಾದರಿಯ ಮುಂದೆ ಇಡಿಯಾಗಿ ಇರುತ್ತದೆ. ಸಾವಿರ ಟೋಕನ್ ಇದ್ದರೆ ಸಾವಿರವನ್ನೂ ಒಟ್ಟಿಗೆ ಲೆಕ್ಕಕ್ಕೆ ಹಾಕಬಹುದು. ಮಾದರಿಗಳು ಓಡುವ ಜಿಪಿಯು ಎಂಬ ಪ್ರೊಸೆಸರುಗಳು ಇಂಥ ಏಕಕಾಲದ ಗುಣಾಕಾರಕ್ಕೆ ಹೇಳಿಮಾಡಿಸಿದಂಥವು. ಉತ್ತರದ ಮಾತು ಹಾಗಲ್ಲ. ಎರಡನೆಯ ಟೋಕನ್ ಯಾವುದೆಂದು ತೀರ್ಮಾನವಾಗಲು ಮೊದಲನೆಯದು ಸಿಕ್ಕಿರಬೇಕು, ಮೂರನೆಯದಕ್ಕೆ ಎರಡನೆಯದು. ಒಂದರ ಹಿಂದೆ ಒಂದರಂತೆ ಬರೆಯದೆ ಬೇರೆ ದಾರಿಯಿಲ್ಲ. ಹೀಗೆ ಬರೆಯುವ ಪ್ರತಿ ಟೋಕನ್‌ಗೂ ಮಾದರಿ ಕಲಿತಿಟ್ಟುಕೊಂಡ ಸಂಖ್ಯೆಗಳನ್ನೆಲ್ಲ ಮೆಮೊರಿಯಿಂದ ಇನ್ನೊಮ್ಮೆ ಎತ್ತಿ ತರಬೇಕು.

ಈ ಹೊರೆ ಎಷ್ಟೆಂಬುದನ್ನು ಅಂಕಿಗಳಲ್ಲಿ ನೋಡಬಹುದು. ಮೆಟಾ ಕಂಪನಿ 2024ರಲ್ಲಿ ಹೊರತಂದ ಲಾಮಾ 3 ಮಾಲಿಕೆಯ ದೊಡ್ಡ ಮಾದರಿಯೊಂದರಲ್ಲಿ 7,000 ಕೋಟಿ ಸಂಖ್ಯೆಗಳಿವೆ. ಒಂದೊಂದಕ್ಕೂ ಎರಡು ಬೈಟ್ ಎಂದರೆ 140 ಗಿಗಾಬೈಟ್. ಎನ್‌ವಿಡಿಯಾದ ಎಚ್100 ಜಿಪಿಯುನಲ್ಲಿ 80 ಗಿಗಾಬೈಟ್ ಮೆಮೊರಿ ಇರುವುದರಿಂದ ಈ ಮಾದರಿಯನ್ನು ಇಡಲು ಕನಿಷ್ಠ ಎರಡು ಬೇಕು. ಎರಡೂ ಸೇರಿ ಸೆಕೆಂಡಿಗೆ ಸುಮಾರು 6,700 ಗಿಗಾಬೈಟ್ ಓದಬಲ್ಲವು. ಆ ವೇಗದಲ್ಲಿ 140 ಗಿಗಾಬೈಟ್ ಒಮ್ಮೆ ಓದಿ ಮುಗಿಸಲು 21 ಮಿಲಿಸೆಕೆಂಡ್ ಹಿಡಿಯುತ್ತದೆ. ಒಬ್ಬನೇ ಬಳಕೆದಾರನಿದ್ದರೆ ಸೆಕೆಂಡಿಗೆ 48 ಟೋಕನ್‌ಗಿಂತ ಹೆಚ್ಚು ಬರೆಯಲಾಗದು. ಆ ಹೊತ್ತಿನಲ್ಲಿ ಗುಣಾಕಾರದ ಯಂತ್ರಾಂಗದ ಬಹುಭಾಗ ಕೆಲಸವಿಲ್ಲದೆ ಕಾದಿರುತ್ತದೆ. ಅದೇ ಜೋಡಿ 10,000 ಟೋಕನ್‌ಗಳ ದಾಖಲೆಯನ್ನು ಓದುವಾಗ ತನ್ನ ಸಾಮರ್ಥ್ಯದ ಅರ್ಧವನ್ನು ಬಳಸಿದರೂ ಒಂದೂವರೆ ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಅಷ್ಟೇ ಉದ್ದದ ಪಠ್ಯವನ್ನು ಬರೆಯಲು ಮೂರೂವರೆ ನಿಮಿಷ ಬೇಕು.

ಈ ಅಂತರ ನೂರು ಪಟ್ಟಿಗೂ ಮೀರಿದ್ದು. ಹಾಗಿದ್ದರೂ ಬೆಲೆಯ ವ್ಯತ್ಯಾಸ ನಾಲ್ಕೈದು ಪಟ್ಟಿಗೆ ಇಳಿಯುವುದಕ್ಕೆ ಮುಖ್ಯ ಕಾರಣ, ಕಂಪನಿಗಳು ಹಲವರ ಉತ್ತರಗಳನ್ನು ಜೊತೆಜೊತೆಗೆ ಬರೆಸುವುದು. ಒಮ್ಮೆ ಎತ್ತಿ ತಂದ ಸಂಖ್ಯೆಗಳಿಂದ ಹತ್ತಾರು ಜನರ ಮುಂದಿನ ಟೋಕನ್‌ಗಳನ್ನು ಒಟ್ಟಿಗೇ ಲೆಕ್ಕ ಹಾಕಿದರೆ ಓದಿನ ಖರ್ಚು ಎಲ್ಲರಿಗೂ ಹಂಚಿಹೋಗುತ್ತದೆ. ಆದರೆ ಇದಕ್ಕೂ ಒಂದು ಮಿತಿ ಇದೆ. ಮಾದರಿಯು ತಾನು ಓದಿದ ಪ್ರತಿ ಟೋಕನ್ ಕುರಿತು ಕೆಲವು ಮಧ್ಯಂತರ ಫಲಿತಾಂಶಗಳನ್ನು ಕೈಗೆಟುಕುವಂತೆ ಇಟ್ಟುಕೊಂಡಿರುತ್ತದೆ. ಇದನ್ನು ಕೆವಿ ಕ್ಯಾಶ್ ಎನ್ನುತ್ತಾರೆ. ಮೇಲೆ ಹೇಳಿದ ಮಾದರಿಯಲ್ಲಿ ಒಂದು ಟೋಕನ್‌ಗೆ ಇದು ಸುಮಾರು 320 ಕಿಲೋಬೈಟ್, 10,000 ಟೋಕನ್‌ಗಳ ಮಾತುಕತೆಗೆ 3 ಗಿಗಾಬೈಟಿಗೂ ಹೆಚ್ಚು. ಎರಡು ಜಿಪಿಯುಗಳಲ್ಲಿ ಮಾದರಿ ಕುಳಿತ ಮೇಲೆ ಉಳಿಯುವುದೇ 20 ಗಿಗಾಬೈಟ್. ಅಲ್ಲಿಗೆ ಆರು ಮಾತುಕತೆಗಳಷ್ಟೇ ಹಿಡಿಸುತ್ತವೆ. ಉತ್ತರ ಉದ್ದವಾದಷ್ಟೂ ಈ ಜಾಗವನ್ನು ಒಬ್ಬರೇ ಹಿಡಿದುಕೊಂಡು ಕೂರುತ್ತಾರೆ. ಉತ್ತರದ ದರದಲ್ಲಿ ಆ ಬಾಡಿಗೆಯೂ ಸೇರಿದೆ.

ಕೆವಿ ಕ್ಯಾಶ್ ದುಬಾರಿಯಾದರೂ ಉಳಿತಾಯದ ದಾರಿಯೂ ಅಲ್ಲೇ ಇದೆ. ಭಾಷಾ ಮಾದರಿಗೆ ಹಿಂದಿನ ಕರೆಯ ನೆನಪು ತಾನಾಗಿ ಇರುವುದಿಲ್ಲ. ಪ್ರತಿ ಕರೆಯಲ್ಲೂ ಸೂಚನೆ, ದಾಖಲೆ, ಹಿಂದಿನ ಮಾತುಕತೆ ಎಲ್ಲವನ್ನೂ ಮೊದಲಿನಿಂದ ಓದಿಸಬೇಕು. ಓದಿದ್ದನ್ನೇ ಸಾವಿರ ಸಲ ಓದಿಸುವ ಬದಲು, ಒಮ್ಮೆ ಓದಿದಾಗ ಹುಟ್ಟಿದ ಮಧ್ಯಂತರ ಫಲಿತಾಂಶಗಳನ್ನು ಅಳಿಸದೆ ಇಟ್ಟುಕೊಂಡರೆ ಮುಂದಿನ ಕರೆಯಲ್ಲಿ ಅಲ್ಲಿಂದಲೇ ಕೆಲಸ ಶುರು ಮಾಡಬಹುದು. ಇದೇ ಪ್ರಾಂಪ್ಟ್ ಕ್ಯಾಶಿಂಗ್. ಆಂಥ್ರೊಪಿಕ್ ಇದನ್ನು 2024ರ ಆಗಸ್ಟ್‌ನಲ್ಲಿ ತಂದಿತು. ಅದರಲ್ಲಿ ಎಲ್ಲಿಯವರೆಗೆ ಉಳಿಸಿಡಬೇಕೆಂದು ಬಳಕೆದಾರರು ಗುರುತು ಹಾಕಬೇಕಿತ್ತು. ಮೊದಲ ಸಲ ಬರೆದಿಡಲು ಮಾಮೂಲಿ ದರದ 1.25 ಪಟ್ಟು, ಆಮೇಲೆ ಪ್ರತಿ ಸಲ ಬಳಸಲು ಹತ್ತನೇ ಒಂದು ಭಾಗ. ಐದು ನಿಮಿಷ ಯಾರೂ ಬಳಸದಿದ್ದರೆ ಉಳಿಸಿಟ್ಟದ್ದು ಅಳಿಯುತ್ತದೆ. ಬಳಸಿದರೆ ಗಡುವು ಮತ್ತೆ ಐದು ನಿಮಿಷ ಮುಂದಕ್ಕೆ ಹೋಗುತ್ತದೆ. ಓಪನ್‌ಎಐ ಅದೇ ಅಕ್ಟೋಬರ್‌ನಲ್ಲಿ ಗುರುತಿನ ಅಗತ್ಯವಿಲ್ಲದ, ಅರ್ಧ ಬೆಲೆಯ ವ್ಯವಸ್ಥೆ ತಂದಿತು. ಇವೆರಡರಲ್ಲೂ ತೀರಾ ಸಣ್ಣ ಪ್ರಾಂಪ್ಟಿಗೆ ರಿಯಾಯಿತಿ ಇಲ್ಲ. ಸಾನೆಟ್‌ಗೂ ಜಿಪಿಟಿ-4ಒಗೂ ಕನಿಷ್ಠ 1,024 ಟೋಕನ್ ಇರಬೇಕಿತ್ತು.

ಬ್ಯಾಂಕೊಂದರ ಗ್ರಾಹಕ ಸಹಾಯ ಸೇವೆಯನ್ನು ಕಲ್ಪಿಸಿಕೊಂಡರೆ ಇದರ ಪರಿಣಾಮ ಗೊತ್ತಾಗುತ್ತದೆ. ಸಾಲ, ಠೇವಣಿ, ಕಾರ್ಡುಗಳ ನಿಯಮಾವಳಿ 20,000 ಟೋಕನ್ ಇದೆ, ಅದನ್ನು ಪ್ರತಿ ಪ್ರಶ್ನೆಯ ಜೊತೆಗೂ ಕಳಿಸಬೇಕು. ಪ್ರಶ್ನೆ 200 ಟೋಕನ್, ಉತ್ತರ 400 ಟೋಕನ್. ದಿನಕ್ಕೆ ಸಾವಿರ ಪ್ರಶ್ನೆ ಬರುತ್ತವೆ. ಸಾನೆಟ್‌ನ 3 ಮತ್ತು 15 ಡಾಲರ್ ದರದಲ್ಲಿ ಒಳಬರುವ 202 ಲಕ್ಷ ಟೋಕನ್‌ಗೆ 60.60 ಡಾಲರ್, ಉತ್ತರಗಳ 4 ಲಕ್ಷಕ್ಕೆ 6 ಡಾಲರ್, ಒಟ್ಟು 66.60. ಉತ್ತರದ ದರ ಐದು ಪಟ್ಟು ಇದ್ದರೂ ಬಿಲ್ಲಿನಲ್ಲಿ ಅದರ ಪಾಲು ನೂರಕ್ಕೆ 9 ಮಾತ್ರ. ದರಪಟ್ಟಿಯನ್ನಷ್ಟೇ ನೋಡಿ ಉತ್ತರವನ್ನು ಮೊಟಕುಗೊಳಿಸಲು ಹೊರಡುವವರಿಗೆ ಇದು ಕಾಣುವುದಿಲ್ಲ. ಹಣ ಹೋಗುತ್ತಿರುವುದು ಒಂದೇ ನಿಯಮಾವಳಿಯನ್ನು ಸಾವಿರ ಸಲ ಓದಿಸುವುದಕ್ಕೆ.

ಈಗ ನಿಯಮಾವಳಿಗೆ ಕ್ಯಾಶ್ ಹಾಕೋಣ. ರಾತ್ರಿಯ ಬಿಡುವುಗಳಿಂದಾಗಿ ದಿನಕ್ಕೆ 40 ಸಲ ಗಡುವು ಮೀರಿ ಮತ್ತೆ ಬರೆದಿಡಬೇಕಾಯಿತು ಎಂದುಕೊಂಡರೆ ಅದಕ್ಕೆ 3 ಡಾಲರ್. ಉಳಿದ 960 ಸಲ ಉಳಿಸಿಟ್ಟದ್ದನ್ನು ಬಳಸಲು 5.76. ಹೊಸ ಪ್ರಶ್ನೆಗಳಿಗೆ 60 ಸೆಂಟ್, ಉತ್ತರಗಳಿಗೆ ಮೊದಲಿನ 6 ಡಾಲರ್. ಒಟ್ಟು 15.36, ಅಂದರೆ ಬಿಲ್ಲು ಕಾಲುಭಾಗಕ್ಕಿಂತಲೂ ಕೆಳಗಿಳಿಯಿತು. ಇಷ್ಟು ದಟ್ಟಣೆ ಇಲ್ಲದವರಿಗೂ ಲಾಭವಿದೆ. ಒಮ್ಮೆ ಬರೆದು ಇನ್ನೊಮ್ಮೆ ಬಳಸಿದರೆ ಆಗುವ ಖರ್ಚು 1.35 ಪಟ್ಟು, ಕ್ಯಾಶ್ ಇಲ್ಲದೆ ಎರಡು ಸಲ ಓದಿಸಿದರೆ 2 ಪಟ್ಟು. ಗಡುವಿನೊಳಗೆ ಎರಡನೇ ಕರೆ ಬಂದರೆ ಸಾಕು.

ಹೆಚ್ಚಿನ ಕಡೆ ಲೆಕ್ಕ ಕೆಡುವುದು ಪಠ್ಯದ ಜೋಡಣೆಯಲ್ಲಿ. ಮಾದರಿ ಎಡದಿಂದ ಬಲಕ್ಕೆ ಸಾಗುತ್ತದೆ, ಪ್ರತಿ ಟೋಕನ್‌ನ ಫಲಿತಾಂಶದಲ್ಲೂ ಅದರ ಹಿಂದಿನ ಎಲ್ಲ ಟೋಕನ್‌ಗಳ ಪ್ರಭಾವ ಬೆರೆತಿರುತ್ತದೆ. ಆದ್ದರಿಂದ ಮೊದಲ ಸಾಲಿನಲ್ಲಿ ಒಂದು ಅಂಕಿ ಬದಲಾದರೂ ಮುಂದಿನ 20,000 ಟೋಕನ್‌ಗಳ ಉಳಿತಾಯವೆಲ್ಲ ನಿರುಪಯುಕ್ತ. ಕೊನೆಯಲ್ಲಿ ಏನೇ ಬದಲಾದರೂ ಮೊದಲಿನದಕ್ಕೆ ಧಕ್ಕೆಯಿಲ್ಲ. ಬ್ಯಾಂಕಿನ ಪ್ರೋಗ್ರಾಮರ್ ಸೂಚನೆಯ ತಲೆಯಲ್ಲಿ ಸೆಕೆಂಡಿನವರೆಗಿನ ಸಮಯವನ್ನೋ ಗ್ರಾಹಕರ ಹೆಸರನ್ನೋ ಸೇರಿಸಿದರೆ ಯಾವ ಎರಡು ಕರೆಗಳೂ ಹೊಂದುವುದಿಲ್ಲ. ಆಗ ಸಾವಿರ ಸಲವೂ 1.25 ಪಟ್ಟು ದರ ತೆತ್ತು ಬರೆದಿಟ್ಟಂತಾಗುತ್ತದೆ. ದಿನದ ಬಿಲ್ಲು 81.60 ಡಾಲರ್, ಕ್ಯಾಶ್ ಇಲ್ಲದ ದಿನಕ್ಕಿಂತ 15 ಡಾಲರ್ ಹೆಚ್ಚು. ಉತ್ತರಗಳೇನೋ ಸರಿಯಾಗಿಯೇ ಬರುತ್ತಿರುವುದರಿಂದ ತಿಂಗಳ ಕೊನೆಯವರೆಗೂ ಯಾರಿಗೂ ಅನುಮಾನ ಬಾರದಿರಬಹುದು.

ಇದನ್ನು ಮೊದಲ ದಿನವೇ ಹಿಡಿಯುವುದು ಕಷ್ಟವಲ್ಲ. ಆಂಥ್ರೊಪಿಕ್‌ನ ಎಪಿಐ ಪ್ರತಿ ಉತ್ತರದ ಜೊತೆಗೂ ಬಳಕೆಯ ಲೆಕ್ಕ ಕೊಡುತ್ತದೆ:

```json
"usage": {
  "input_tokens": 200,
  "cache_creation_input_tokens": 0,
  "cache_read_input_tokens": 20000,
  "output_tokens": 400
}
```

ಮೂರನೆಯ ಸಾಲು ಸೊನ್ನೆಯಾಗಿದ್ದು, ಎರಡನೆಯದರಲ್ಲೇ ಪ್ರತಿ ಸಲ 20,000 ಕಾಣುತ್ತಿದ್ದರೆ ಪಠ್ಯದ ಆರಂಭದಲ್ಲಿ ಏನೋ ಬದಲಾಗುತ್ತಿದೆ, ಇಲ್ಲವೇ ಕರೆಗಳ ನಡುವೆ ಗಡುವು ಮೀರುತ್ತಿದೆ ಎಂದರ್ಥ. ಬದಲಾಗದ ಸೂಚನೆ ಮತ್ತು ದಾಖಲೆಗಳು ಮೊದಲು, ದಿನಾಂಕ, ಹೆಸರು, ಪ್ರಶ್ನೆ ಕೊನೆಗೆ ಬರುವಂತೆ ಜೋಡಿಸಿದರೆ ಮೊದಲನೆಯ ತೊಂದರೆ ನೀಗುತ್ತದೆ. ಎರಡನೆಯದಕ್ಕೆ, ಬರೆದಿಡಲು 2 ಪಟ್ಟು ದರ ತೆತ್ತು ಒಂದು ಗಂಟೆಯ ಗಡುವು ಪಡೆಯುವ ಆಯ್ಕೆ ಆಮೇಲೆ ಬಂದಿದೆ.

ಕ್ಯಾಶ್‌ನಲ್ಲಿ ಉಳಿಯುವುದು ಓದಿನ ಫಲ ಮಾತ್ರ, ಉತ್ತರವಲ್ಲ. ಅದೇ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿದರೂ ಉತ್ತರವನ್ನು ಮಾದರಿ ಹೊಸದಾಗಿ ಒಂದೊಂದೇ ಟೋಕನ್ ಆಗಿ ಬರೆಯುತ್ತದೆ, ಅದಕ್ಕೆ ಪೂರ್ತಿ ದರವೇ ಬೀಳುತ್ತದೆ. ಹೀಗಾಗಿ ಬ್ಯಾಂಕಿನ ಹೊಸ ಬಿಲ್ಲಿನಲ್ಲಿ ಉತ್ತರದ ಪಾಲು ನೂರಕ್ಕೆ 9ರಿಂದ 39ಕ್ಕೆ ಏರಿದೆ. ಉತ್ತರಕ್ಕೆ ಮೊದಲು ದೀರ್ಘವಾಗಿ ಯೋಚಿಸುವ ಮಾದರಿಗಳಲ್ಲಿ ಆ ಯೋಚನೆಯ ಟೋಕನ್‌ಗಳೂ ಉತ್ತರದ ದರಕ್ಕೇ ಸೇರುತ್ತವೆ, ಆದ್ದರಿಂದ ಪಾಲು ಇನ್ನೂ ದೊಡ್ಡದಾಗುತ್ತದೆ. ಉತ್ತರವನ್ನು ಚಿಕ್ಕದಾಗಿ, ನೇರವಾಗಿ ಕೊಡುವಂತೆ ಸೂಚಿಸುವುದರಿಂದ ಬಿಲ್ಲಿಗೆ ನಿಜವಾದ ವ್ಯತ್ಯಾಸ ಆಗುವುದು ಈ ಹಂತದಲ್ಲಿ.