ರೊಟ್ಟಿಯ ಲ್ಯೂಸಿನ್, ಬೇಳೆಯ ಲೈಸಿನ್

ಮೈಕಟ್ಟು ಬೆಳೆಸಿಕೊಳ್ಳಬೇಕೆನ್ನುವ ಸಸ್ಯಾಹಾರಿಗಳ ಕಿವಿಗೆ ಈಗ ಎರಡು ಮಾತು ಪದೇಪದೇ ಬೀಳುತ್ತವೆ. ಒಂದು ಲ್ಯೂಸಿನ್, ಇನ್ನೊಂದು ಪ್ರೋಟೀನಿನ ಗುಣಮಟ್ಟದ ಅಂಕ. ಎರಡನ್ನೂ ಅರ್ಥ ಮಾಡಿಕೊಳ್ಳಲು ಜೋಳದ ರೊಟ್ಟಿಯನ್ನೇ ತೆಗೆದುಕೊಳ್ಳಬಹುದು. ಮೊದಲನೆಯದರಲ್ಲಿ ಅದು ಮುಂದಿದೆ, ಎರಡನೆಯದರಲ್ಲಿ ತೀರಾ ಹಿಂದಿದೆ.

ಪ್ರೋಟೀನು ಜೀರ್ಣವಾದಾಗ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ಅವುಗಳಲ್ಲಿ ಒಂಬತ್ತನ್ನು ಊಟದಿಂದಲೇ ಪಡೆಯಬೇಕು. ಲ್ಯೂಸಿನ್ ಈ ಒಂಬತ್ತರಲ್ಲಿ ಒಂದು. ರಕ್ತದಲ್ಲಿ ಅದು ಏರಿದಾಗ, ಹೊಸ ಪ್ರೋಟೀನು ಕಟ್ಟಲು ಶುರುಮಾಡುವಂತೆ ಸ್ನಾಯುವಿಗೆ ಸೂಚನೆ ಸಿಗುತ್ತದೆ. ಈ ಸೂಚನೆ ಚೆನ್ನಾಗಿ ತಲುಪಲು ಒಂದು ಊಟದಲ್ಲಿ ಸುಮಾರು 2ರಿಂದ 3 ಗ್ರಾಂ ಲ್ಯೂಸಿನ್ ಬೇಕು ಎಂಬುದೇ ‘ಲ್ಯೂಸಿನ್ ಮಿತಿ’. ವಯಸ್ಸಾದವರ ಸ್ನಾಯು ಅಷ್ಟು ಬೇಗ ಓಗೊಡುವುದಿಲ್ಲ, ಆದ್ದರಿಂದ ಅವರಿಗೆ 3 ಗ್ರಾಮಿನ ಹತ್ತಿರ ಇರುವುದು ಮೇಲು.

ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅದರಲ್ಲಿ 1.2 ಗ್ರಾಂ ಲ್ಯೂಸಿನ್. ಪ್ರತಿ ಗ್ರಾಂ ಪ್ರೋಟೀನಿಗೆ ಲೆಕ್ಕ ಹಾಕಿದರೆ ಇದು ಹಾಲಿಗಿಂತಲೂ ಹೆಚ್ಚು. ಹಾಗಾದರೆ ರೊಟ್ಟಿ ತಿಂದೇ ಮೈ ಬೆಳೆಸಬಹುದೇ? ಆಗದು. ಸೂಚನೆ ಸಿಕ್ಕಿದರೂ ಕಟ್ಟಲು ಉಳಿದ ಎಂಟೂ ಬೇಕಲ್ಲ.

ಅಂಕ ಅಳೆಯುವುದು ಇದನ್ನೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಮುಂದಿಟ್ಟ ‘ಡಯಾಸ್’ ಪದ್ಧತಿಯಲ್ಲಿ, ಸಣ್ಣ ಕರುಳಿನ ಕೊನೆಯ ಹೊತ್ತಿಗೆ ಒಂದೊಂದು ಅಮೈನೋ ಆಮ್ಲವೂ ಎಷ್ಟು ಹೀರಲ್ಪಟ್ಟಿದೆ ಎಂದು ನೋಡಿ, ದೇಹದ ಅಗತ್ಯಕ್ಕೆ ಹೋಲಿಸುತ್ತಾರೆ. ಎಲ್ಲಕ್ಕಿಂತ ಕಡಿಮೆ ಬಂದದ್ದೇ ಆ ಆಹಾರದ ಅಂಕ. ಜೋಳದಲ್ಲಿ ಹಿಂದೆ ಬೀಳುವುದು ಲೈಸಿನ್. ಪ್ರತಿ ಗ್ರಾಂ ಪ್ರೋಟೀನಿಗೆ 48 ಮಿಲಿಗ್ರಾಂ ಇರಬೇಕಾದಲ್ಲಿ ಜೋಳದಲ್ಲಿರುವುದು ಸುಮಾರು 23. ಜೀರ್ಣದಲ್ಲಿ ಆಗುವ ನಷ್ಟ ಕಳೆಯುವ ಮೊದಲೇ ಅಂಕ ಅರ್ಧಕ್ಕಿಂತ ಕೆಳಗಿಳಿಯಿತು.

ಆದರೆ ಈ ಅಂಕ ಒಂಟಿ ಆಹಾರದ್ದು, ಯಾರೂ ಬರೀ ರೊಟ್ಟಿ ತಿನ್ನುವುದಿಲ್ಲ. ತೊಗರಿಬೇಳೆಯಲ್ಲಿ ಲೈಸಿನ್ ಧಾರಾಳ. 100 ಗ್ರಾಂ ಹಿಟ್ಟಿನ ರೊಟ್ಟಿಯ ಜೊತೆ, ಬೇಯಿಸುವ ಮುಂಚಿನ ತೂಕದಲ್ಲಿ 30 ಗ್ರಾಂ ಬೇಳೆ ಇಟ್ಟುಕೊಳ್ಳಿ. ಪ್ರೋಟೀನು 16 ಗ್ರಾಂ ದಾಟುತ್ತದೆ, ಲ್ಯೂಸಿನ್ 1.6 ಗ್ರಾಂ ಆಗುತ್ತದೆ, ಲೈಸಿನ್ 23ರಿಂದ 40ರ ಆಸುಪಾಸಿಗೆ ಏರುತ್ತದೆ. ಇನ್ನೂ ಸಾಲದು. ಇದಕ್ಕೆ 25 ಗ್ರಾಂ ಒಣ ಸೋಯಾ ಚಂಕ್ಸ್, ಅಂದರೆ ಅಂಗಡಿಯವರು ಮೀಲ್ ಮೇಕರ್ ಎನ್ನುವುದನ್ನು, ಪಲ್ಯ ಮಾಡಿ ಸೇರಿಸಿದರೆ ಪ್ರೋಟೀನು ಸುಮಾರು 29 ಗ್ರಾಂ, ಲ್ಯೂಸಿನ್ 2.6 ಗ್ರಾಂ, ಲೈಸಿನ್ 50ರ ಹತ್ತಿರ. ಒಂದೇ ತಟ್ಟೆಯಲ್ಲಿ ಎರಡು ಲೆಕ್ಕವೂ ಹೆಚ್ಚುಕಡಿಮೆ ಸರಿಹೋದವು.

ಎಡವುವುದು ಎಲ್ಲಿ ಎಂದರೆ ಸಾರಿನಲ್ಲಿ. ತಿಳಿಸಾರಿನ ಒಂದು ಬಟ್ಟಲಿನಲ್ಲಿ ಇರುವ ಬೇಳೆ ಬಲು ಕಡಿಮೆ, ಅದನ್ನು ಪ್ರೋಟೀನಿನ ಊಟವೆಂದು ಎಣಿಸಬಾರದು. ಶೇಂಗಾ ಚಟ್ನಿಯೂ ಅಷ್ಟೆ. ಶೇಂಗಾದಿಂದಲೇ 20 ಗ್ರಾಂ ಪ್ರೋಟೀನು ಬೇಕೆಂದರೆ 85 ಗ್ರಾಂ ತಿನ್ನಬೇಕು, ಅದರೊಂದಿಗೆ 400ಕ್ಕೂ ಹೆಚ್ಚು ಕ್ಯಾಲೊರಿ ಹೊಟ್ಟೆಗೆ ಹೋಗುತ್ತದೆ.

ಮೇಲಿನ ಲೆಕ್ಕ ತಟ್ಟೆಯಲ್ಲಿರುವುದರದ್ದು, ಮೈಗೆ ಹತ್ತುವುದು ಅದಕ್ಕಿಂತ ಕಡಿಮೆ. ಎಷ್ಟು ಕಡಿಮೆ ಎಂಬುದನ್ನು ಮನುಷ್ಯರಲ್ಲೇ ಅಳೆಯುವ ವಿಧಾನವನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಡಾ. ಅನುರಾ ಕುರ್ಪಾಡ್ ಅವರ ತಂಡ ರೂಪಿಸಿತು. ಅವರ ಅಳತೆಯಲ್ಲಿ ಇಡೀ ಹೆಸರುಕಾಳಿನ ಅಮೈನೋ ಆಮ್ಲಗಳು ಶೇ. 63ರಷ್ಟು ಹೀರಲ್ಪಟ್ಟರೆ, ಸಿಪ್ಪೆ ತೆಗೆದಾಗ ಅದು ಶೇ. 71ರ ಹತ್ತಿರ ಬಂತು. ಸಿಪ್ಪೆಯ ನಾರು ಬೇರೆ ರೀತಿಯಲ್ಲಿ ಒಳ್ಳೆಯದು, ನಿಜ. ಆದರೆ ಪ್ರೋಟೀನಿಗೆಂದೇ ತಿನ್ನುವಾಗ ಹೆಸರುಬೇಳೆ ಮೇಲು. ಈ ನಷ್ಟ ತುಂಬಿಕೊಳ್ಳಲು ಸಸ್ಯಾಹಾರದಲ್ಲಿ ಪ್ರಮಾಣ ಸ್ವಲ್ಪ ಹೆಚ್ಚಿರಬೇಕು.

ಲ್ಯೂಸಿನ್ ಮಿತಿಯನ್ನು ಗೆರೆ ಎಳೆದಂತೆ ನಂಬುವುದೂ ತಪ್ಪು. 2021ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನವೊಂದರಲ್ಲಿ ಪೂರ್ಣ ಸಸ್ಯಾಹಾರಿ ಯುವಕರೂ ಮಾಂಸಾಹಾರಿ ಯುವಕರೂ 12 ವಾರ ಭಾರ ಎತ್ತಿದರು. ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.6 ಗ್ರಾಂ ಪ್ರೋಟೀನು ಎರಡೂ ಗುಂಪಿಗೆ ಸಿಗುವಂತೆ, ಒಬ್ಬರಿಗೆ ಸೋಯಾ, ಇನ್ನೊಬ್ಬರಿಗೆ ಹಾಲಿನ ವ್ಹೇ ಪುಡಿ ಕೊಟ್ಟರು. ಸ್ನಾಯುವಿನ ಗಾತ್ರದಲ್ಲಾಗಲಿ ಬಲದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ದಿನದ ಒಟ್ಟು ಪ್ರೋಟೀನು ಸಾಕಷ್ಟಿದ್ದರೆ ಯುವಕರು ಪ್ರತಿ ಊಟದಲ್ಲೂ ಲ್ಯೂಸಿನ್ ಎಣಿಸಬೇಕಿಲ್ಲ. ಕಡಿಮೆ ಊಟ ಮಾಡುವ ಹಿರಿಯರ ವಿಷಯ ಬೇರೆ: ಮನೆಯಲ್ಲಿ ಅಂಥವರಿದ್ದರೆ, ಮೂತ್ರಪಿಂಡದ ತೊಂದರೆ ಇಲ್ಲವೆಂದು ವೈದ್ಯರಲ್ಲಿ ಖಚಿತಪಡಿಸಿಕೊಂಡು, ಅವರ ಸಾರನ್ನು ಗಟ್ಟಿ ಬೇಳೆಯ ತೊವ್ವೆಯಾಗಿಸಿ, ವಾರದಲ್ಲಿ ಕೆಲವು ದಿನವಾದರೂ ಸೋಯಾ ಬಡಿಸಿ.