ಶನಿವಾರ ಬಾರದ ಅಂಕಿ

ಚಿಕ್ಕಮಗಳೂರು ಸುತ್ತಿನ ಕೆಲವು ಕಾಫಿ ಬೆಳೆಗಾರರಿಗೆ ನಾನು ವಾರಕ್ಕೊಂದು ಮಾರುಕಟ್ಟೆ ವರದಿ ಬರೆದು ಕಳಿಸುತ್ತೇನೆ. ಶನಿವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಅದು ಅವರ ಇಮೇಲ್ ಸೇರಬೇಕು ಎಂಬುದು ನಮ್ಮ ನಡುವಿನ ಮಾತು. ಅದಕ್ಕಾಗಿ ಅವರು ಹಣ ಕೊಡುತ್ತಾರೆ. 2023ರ ಫೆಬ್ರವರಿ 4ರ ಶನಿವಾರ ಆ ಮಾತು ಉಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

ವರದಿಯ ಮುಖ್ಯ ಭಾಗ ನಿಂತಿರುವುದು ಅಮೆರಿಕದ ಒಂದು ಸರ್ಕಾರಿ ಲೆಕ್ಕದ ಮೇಲೆ. ನಮ್ಮ ಅರೇಬಿಕಾ ಪಾರ್ಚ್‌ಮೆಂಟಿನ ದರ ಏರುವುದೂ ಇಳಿಯುವುದೂ ಬಹುಪಾಲು ನ್ಯೂಯಾರ್ಕ್ ವಾಯಿದೆ ಮಾರುಕಟ್ಟೆಯ ಜೊತೆಗೆ. ಅಲ್ಲಿ ಕಾಫಿ ಬೆಳೆಯದ, ಹುರಿಯದ ದೊಡ್ಡ ಹೂಡಿಕೆ ಫಂಡುಗಳೂ ಖರೀದಿ, ಮಾರಾಟ ಮಾಡುತ್ತವೆ. ಅವು ಎಷ್ಟು ಲಾಟು ಕೊಂಡು ಕೂತಿವೆ, ಎಷ್ಟು ಮಾರಿ ಕೂತಿವೆ ಎಂಬುದನ್ನು ವಾಯಿದೆ ವಹಿವಾಟಿನ ನಿಯಂತ್ರಣ ಸಂಸ್ಥೆಯಾದ ಸಿಎಫ್‌ಟಿಸಿ ವಾರಕ್ಕೊಮ್ಮೆ ಬಹಿರಂಗಪಡಿಸುತ್ತದೆ. ಒಂದು ಲಾಟು ಎಂದರೆ 37,500 ಪೌಂಡು, ಸುಮಾರು 17 ಟನ್. ಫಂಡುಗಳು ಮಾರಿದ್ದನ್ನು ಅವಸರದಲ್ಲಿ ಮರಳಿ ಕೊಳ್ಳತೊಡಗಿದರೆ ಮೂಡಿಗೆರೆಯ ಕಣದಲ್ಲಿ ಒಣಗುತ್ತಿರುವ ಕಾಫಿಗೂ ದರ ಕುದುರುತ್ತದೆ. ಫೆಬ್ರವರಿ ಎಂದರೆ ಅರೇಬಿಕಾ ಕೊಯ್ಲು ಮುಗಿದು, ಮೂಟೆ ಗೋದಾಮಿನಲ್ಲಿದ್ದು, ಈಗಲೇ ಕೊಡುವುದೋ ಕಾಯುವುದೋ ಎಂದು ಬೆಳೆಗಾರ ಲೆಕ್ಕ ಹಾಕುವ ಕಾಲ.

ಆ ಅಂಕಿ ಮಂಗಳವಾರದ ಸ್ಥಿತಿಯನ್ನು ಹೇಳುತ್ತದೆ. ಬಿಡುಗಡೆಯಾಗುವುದು ಶುಕ್ರವಾರ ಅಲ್ಲಿನ ಮಧ್ಯಾಹ್ನ ಮೂರೂವರೆಗೆ. ಚಳಿಗಾಲದಲ್ಲಿ ನಮಗದು ಶನಿವಾರ ನಸುಕಿನ ಎರಡು ಗಂಟೆ. ಬೆಳಿಗ್ಗೆ ಆರಕ್ಕೆ ಎದ್ದು ಕಡತ ಇಳಿಸಿಕೊಂಡು, ಕೋಷ್ಟಕ ತುಂಬಿಸಿ, ನಾಲ್ಕು ಪ್ಯಾರಾ ಬರೆಯುವುದು ನನ್ನ ರೂಢಿ.

ಅಂದೂ ಕಡತ ಇಳಿಯಿತು. ಯಾವ ದೋಷದ ಸೂಚನೆಯೂ ಬರಲಿಲ್ಲ, ಕೋಷ್ಟಕವೂ ತುಂಬಿತು. ಫಂಡುಗಳ ಸಾಲಿನಲ್ಲಿ ಹಿಂದಿನ ವಾರಕ್ಕೂ ಈ ವಾರಕ್ಕೂ ವ್ಯತ್ಯಾಸ ಸೊನ್ನೆ ಎಂದು ಬಂದಾಗ ಮಾತ್ರ ಕೈ ನಿಂತಿತು. ಸಾವಿರಾರು ಲಾಟು ಅದಲುಬದಲಾಗುವ ಮಾರುಕಟ್ಟೆಯಲ್ಲಿ ಒಂದು ವಾರ ಒಂದೂ ಲಾಟು ಅಲ್ಲಾಡಲಿಲ್ಲ ಎಂದರೆ ನಂಬಲಾಗದು. ಕಡತ ತೆರೆದು ನೋಡಿದೆ. ಒಳಗಿದ್ದ ತಾರೀಕು `2023-01-24`. ಇರಬೇಕಾದದ್ದು `2023-01-31`. ಹಳೆಯ ಕಡತವೇ ಅದೇ ಜಾಗದಲ್ಲಿ ಕೂತಿತ್ತು.

ಮೂಲ ಕೈಕೊಡುವ ಬಗೆಗಳಲ್ಲಿ ನನಗೆ ಅತಿ ಭಯ ಇದರದೇ. ಪುಟವೇ ತೆರೆಯದಿದ್ದರೆ ಯಾರಿಗಾದರೂ ಗೊತ್ತಾಗುತ್ತದೆ. ಹಳೆಯ ಅಂಕಿ ಹೊಸದರ ಜಾಗದಲ್ಲಿ ಸುಮ್ಮನೆ ಬಂದು ಕೂತರೆ, ವರದಿ ಹೊತ್ತಿಗೆ ಸರಿಯಾಗಿ ಹೋಗುತ್ತದೆ, ಅದರೊಳಗಿನ ಮಾತು ಮಾತ್ರ ಸುಳ್ಳಾಗಿರುತ್ತದೆ.

ಗಿರಾಕಿಗೆ ಬರೆಯುವ ಮೊದಲು ತಪ್ಪು ನನ್ನ ಕಡೆಯದೋ ಅವರ ಕಡೆಯದೋ ಗೊತ್ತಾಗಬೇಕಿತ್ತು. ಫೋನಿನಿಂದ ಬೇರೆ ಸಂಪರ್ಕದಲ್ಲಿ ಅದೇ ಪುಟ ತೆರೆದೆ. ಅಲ್ಲೂ ಹಳೆಯ ತಾರೀಕೇ. ಆಮೇಲೆ ಸಿಎಫ್‌ಟಿಸಿಯ ಪ್ರಕಟಣೆ ಸಿಕ್ಕಿತು. ಬ್ರೋಕರ್ ಸಂಸ್ಥೆಗಳಿಗೆ ವಹಿವಾಟಿನ ಲೆಕ್ಕ ನೋಡಿಕೊಳ್ಳುವ ಸಾಫ್ಟ್‌ವೇರ್ ಕಂಪನಿಯೊಂದರ ಮೇಲೆ ಜನವರಿ 31ರಂದು ಸೈಬರ್ ದಾಳಿಯಾಗಿತ್ತು. ಆ ಸಾಫ್ಟ್‌ವೇರ್ ನೆಚ್ಚಿಕೊಂಡಿದ್ದ ಕೆಲವು ಸದಸ್ಯರಿಗೆ ತಮ್ಮ ಲೆಕ್ಕವನ್ನು ಸಕಾಲಕ್ಕೆ, ಸರಿಯಾಗಿ ಒಪ್ಪಿಸಲು ಆಗುತ್ತಿರಲಿಲ್ಲ. ಎಲ್ಲರ ಲೆಕ್ಕವೂ ಬರುವ ತನಕ ವಾರದ ವರದಿ ತಡವಾಗುತ್ತದೆ ಎಂದು ಸಂಸ್ಥೆ ಹೇಳಿತ್ತು. ಕೆಲವರದನ್ನು ಬಿಟ್ಟು ಕೂಡಿದ ಮೊತ್ತ ಮಾರುಕಟ್ಟೆಯ ಮೊತ್ತವಾಗುವುದಿಲ್ಲವಾದ್ದರಿಂದ ಅವರು ಕಾದದ್ದು ಸರಿ.

ನನ್ನ ಮೊದಲ ಕರಡು ಹೀಗಿತ್ತು: ‘ತಾಂತ್ರಿಕ ಕಾರಣಗಳಿಂದ ಈ ವಾರದ ವರದಿ ವಿಳಂಬವಾಗಿದೆ. ಅನಾನುಕೂಲಕ್ಕೆ ವಿಷಾದಿಸುತ್ತೇವೆ.’ ಓದಿಕೊಂಡು ಅಳಿಸಿಹಾಕಿದೆ. ಇನ್ನೂರು ಮೂಟೆ ಇಟ್ಟುಕೊಂಡು, ಸೋಮವಾರ ವ್ಯಾಪಾರಿ ಬರುತ್ತಾನೆಂದು ಕಾಯುತ್ತಿರುವವರಿಗೆ ಈ ಮಾತಿನಿಂದ ಏನೂ ಸಿಗುವುದಿಲ್ಲ. ಇಡೀ ವರದಿ ಇಲ್ಲವೋ, ಒಂದು ಭಾಗ ಇಲ್ಲವೋ? ಇವತ್ತು ಸಂಜೆ ಬರುತ್ತದೋ, ಮುಂದಿನ ತಿಂಗಳೋ? ಇರುವುದನ್ನು ನಂಬಬಹುದೋ? ಎಂಟೂವರೆಗೆ, ಅಂದರೆ ಅವರು ಇಮೇಲ್ ತೆರೆದು ನೋಡುವ ಮೊದಲೇ, ಕಳಿಸಿದ ಪತ್ರ ಇದು:

> ಗೌಡರಿಗೆ ನಮಸ್ಕಾರ.
>
> ಇವತ್ತಿನ ವರದಿಯಲ್ಲಿ ಫಂಡುಗಳ ಖರೀದಿ-ಮಾರಾಟದ ಭಾಗ ಇರುವುದಿಲ್ಲ. ಅಮೆರಿಕದ ಸಿಎಫ್‌ಟಿಸಿ ಜನವರಿ 31ರ ಅಂಕಿಗಳನ್ನು ನಿನ್ನೆ ಬಿಡುಗಡೆ ಮಾಡಿಲ್ಲ. ಸೈಬರ್ ದಾಳಿಯಿಂದಾಗಿ ಕೆಲವು ಬ್ರೋಕರ್‌ಗಳ ಲೆಕ್ಕ ಅವರಿಗೆ ತಲುಪಿಲ್ಲ. ಯಾವಾಗ ಬಿಡುಗಡೆ ಎಂದು ಅವರು ದಿನ ಹೇಳಿಲ್ಲ, ಆದ್ದರಿಂದ ನಾನೂ ಹೇಳಲಾರೆ.
>
> ನ್ಯೂಯಾರ್ಕ್ ದರ, ಎಕ್ಸ್‌ಚೇಂಜ್ ಗೋದಾಮುಗಳ ದಾಸ್ತಾನು, ಬ್ರೆಜಿಲ್ ಮಳೆಯ ವಿವರ ಬೇರೆ ಕಡೆಯಿಂದ ಬರುವಂಥವು, ಸರಿಯಾಗಿವೆ. ಅವನ್ನು ಹತ್ತು ಗಂಟೆಗೆ ಕಳಿಸುತ್ತೇನೆ. ಕಳೆದ ವಾರ ಕೊಟ್ಟ ಫಂಡುಗಳ ಅಂಕಿ ಜನವರಿ 24ರದು. ಅದರ ಮೇಲೆ ಈ ವಾರದ ತೀರ್ಮಾನ ಮಾಡಬೇಡಿ.
>
> ಅಂಕಿ ಬಂದರೂ ಬಾರದಿದ್ದರೂ ಬುಧವಾರ ಸಂಜೆ ಆರಕ್ಕೆ ಮತ್ತೆ ಬರೆಯುತ್ತೇನೆ. ವರದಿಯ ಇಷ್ಟು ದೊಡ್ಡ ಭಾಗ ಒಂದೇ ಮೂಲವನ್ನು ನಂಬಿದೆ ಎಂದು ನಿಮಗೆ ಮೊದಲೇ ಹೇಳಬೇಕಿತ್ತು. ಅದು ನನ್ನ ತಪ್ಪು.

ಈ ಪತ್ರದಲ್ಲಿ ನಾನು ಅತಿ ಹೆಚ್ಚು ಹೊತ್ತು ಯೋಚಿಸಿದ್ದು ದಿನದ ಬಗ್ಗೆ. ‘ಸೋಮವಾರದೊಳಗೆ ಕೊಡುತ್ತೇನೆ’ ಎಂದು ಬರೆಯಲು ಬೆರಳು ತುಡಿಯುತ್ತಿತ್ತು, ಓದುವವರಿಗೂ ಸಮಾಧಾನವಾಗುತ್ತಿತ್ತು. ಆದರೆ ಅಂಕಿ ನನ್ನ ಕೈಯಲ್ಲಿರಲಿಲ್ಲ. ನನ್ನ ಕೈಯಲ್ಲಿದ್ದದ್ದು ಮುಂದಿನ ಪತ್ರ ಮಾತ್ರ, ಅದಕ್ಕೆ ಗಂಟೆ ಕೊಟ್ಟೆ. ಬುಧವಾರ ಆರಕ್ಕೆ ‘ಇನ್ನೂ ಬಂದಿಲ್ಲ’ ಎಂದು ಎರಡೇ ಸಾಲು ಬರೆದೆ. ಸೋಮವಾರ ಎಂದಿದ್ದರೆ ಅಲ್ಲಿಗೇ ಮಾತು ಎರಡನೇ ಸಲ ತಪ್ಪುತ್ತಿತ್ತು. ಕಾರಣವನ್ನೂ ಎರಡು ಸಾಲಿಗಿಂತ ಬೆಳೆಸಲಿಲ್ಲ. ದಾಳಿಯ ಕಥೆ ಎಷ್ಟೇ ಕುತೂಹಲದ್ದಾದರೂ ಬೆಳೆಗಾರನಿಗೆ ಬೇಕಾದದ್ದು ಅವನ ಕಾಫಿಯ ವಿಷಯ.

ಮೂಲ ಮರಳಿ ಬಂದ ದಿನವೂ ಒಂದು ಪತ್ರ ಬೇಕಾಗುತ್ತದೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಸಿಎಫ್‌ಟಿಸಿ ಮತ್ತೆ ಪ್ರಕಟಣೆ ಶುರು ಮಾಡಿದ್ದು ಫೆಬ್ರವರಿ 24ರಂದು. ಆ ದಿನ ಹೊರಬಂದದ್ದು ಆ ವಾರದ ಅಂಕಿಯಲ್ಲ, ಫೆಬ್ರವರಿ 3ಕ್ಕೆ ಬರಬೇಕಿದ್ದ ಜನವರಿ 31ರ ಅಂಕಿ. ಬಾಕಿ ಉಳಿದವನ್ನು ತಾರೀಕಿನ ಕ್ರಮದಲ್ಲೇ ಒಂದೊಂದಾಗಿ ಬಿಡುತ್ತ ಬಂದರು. ಎಲ್ಲ ಸರಿಹೋಗುವಾಗ ಮಾರ್ಚ್ ಬಂದಿತ್ತು. ಸಾಮಾನ್ಯವಾಗಿ ನಮ್ಮ ಕೈ ಸೇರುವಾಗ ನಾಲ್ಕು ದಿನ ಹಳೆಯದಾಗಿರುವ ಅಂಕಿ, ಫೆಬ್ರವರಿ 25ರ ಬೆಳಿಗ್ಗೆ ಇಪ್ಪತ್ತೈದು ದಿನ ಹಳೆಯದಾಗಿತ್ತು. ‘ಫಂಡುಗಳ ಅಂಕಿ ಬಂತು’ ಎಂದಷ್ಟೇ ಬರೆದಿದ್ದರೆ, ಕಾದು ಕೂತಿದ್ದವರು ಅದನ್ನು ಇವತ್ತಿನದೆಂದೇ ಓದುತ್ತಿದ್ದರು. ಮೂರು ವಾರ ಅಂಕಿ ಇಲ್ಲದೆ ನಡೆದದ್ದಕ್ಕಿಂತ ಹೆಚ್ಚಿನ ನಷ್ಟ ಆ ಒಂದು ಬೆಳಿಗ್ಗೆ ಆಗಬಹುದಿತ್ತು. ಹಾಗಾಗಿ ಮೊದಲ ಸಾಲಿನಲ್ಲೇ ತಾರೀಕು ಹಾಕಿ, ಇದು ದಾಖಲೆಗೆ ಮಾತ್ರ, ಮಾರುವ ತೀರ್ಮಾನಕ್ಕೆ ಬಳಸಬೇಡಿ ಎಂದು ಬರೆದೆ.

ಈಗ ಕಡತ ಇಳಿದ ಕೂಡಲೇ ನಾನು ನೋಡುವುದು ಅದರೊಳಗಿನ ತಾರೀಕು. ಹಿಂದಿನ ಮಂಗಳವಾರದ್ದಲ್ಲದಿದ್ದರೆ ಕೋಷ್ಟಕ ತುಂಬದಂತೆ ಮಾಡಿಕೊಂಡಿದ್ದೇನೆ. ರಜೆ ಬಂದ ವಾರ ಬಿಡುಗಡೆ ಮುಂದೆ ಹೋಗುವುದುಂಟು; ಅದನ್ನು ಗಿರಾಕಿಗಳಿಗೆ ಹಿಂದಿನ ವಾರವೇ ತಿಳಿಸುತ್ತೇನೆ.

ಮಾರ್ಚ್‌ನಲ್ಲಿ ಎಲ್ಲ ಸರಿಹೋದ ಮೇಲೆ, ಪ್ರತಿ ಭಾಗದ ತಲೆಯ ಮೇಲೆ ಹಾಕುತ್ತಿದ್ದ ತಾರೀಕಿನ ಸಾಲನ್ನು ತೆಗೆಯಲೇ ಎಂದು ಗೌಡರನ್ನು ಫೋನಿನಲ್ಲಿ ಕೇಳಿದೆ. ‘ಬೇಡ ಮಾರಾಯ್ರೆ, ಇರ್ಲಿ ಬಿಡಿ. ಈಗ ನಾನು ಮೊದ್ಲು ಓದೋದೇ ಅದನ್ನ’ ಅಂದರು.